ತಸ್ಲೀಮಾಳ ಅರ್ಜಿಯಲ್ಲಿ ನಾನು ಅಳಿಸಿದ್ದು

ರೇಷ್ಮೆಗೂಡಿನ ಗುಣ ಅಳೆಯುವವನಂತೆ ತಸ್ಲೀಮಾಳನ್ನು ಅಳೆದೆ: ಹೋಟೆಲ್ ಮ್ಯಾನೇಜ್‌ಮೆಂಟ್ ಓದು, ಹೋಟೆಲಿನ ರಿಸೆಪ್ಷನ್‌ನಲ್ಲಿ ಆರು ತಿಂಗಳ ಇಂಟರ್ನ್‌ಶಿಪ್, ಸವೆದ ಚಪ್ಪಲಿ. ರಾಮನಗರದ ನನ್ನ ಸೈಬರ್ ಅಂಗಡಿಯಿಂದ ಇಮೇಲ್ ಮಾಡಿದ್ದ ಒಂಬತ್ತು ಅರ್ಜಿಗೂ ಉತ್ತರವಿರಲಿಲ್ಲ. ಕೆಲಸ ಸಿಗದಿದ್ದರೆ ಅವಳು ಅಪ್ಪನ ಜೊತೆ ರೇಷ್ಮೆ ನೂಲು ತೆಗೆಯಲು ಕೂರಬೇಕಿತ್ತು.

ಹತ್ತನೆಯದು ದೊಡ್ಡ ಹೋಟೆಲ್ ಸಮೂಹವೊಂದಕ್ಕೆ.

"ಅಣ್ಣಾ, ಈ ಸಲ ತಮಿಳು, ತೆಲುಗು ಅಳಿಸ್ಬೇಡಿ," ಎಂದಳು ದಣಿದ ದನಿಯಲ್ಲಿ. ಅವು ಅಪ್ಪನ ಜೊತೆ ಗೂಡಿನ ಮಾರುಕಟ್ಟೆಗೆ ಹೋಗಿ, ಹೊರರಾಜ್ಯದ ರೈತರ ನಡುವೆ ಅವಳು ಕಲಿತ ಭಾಷೆಗಳು.

"ಸರ್ಟಿಫಿಕೇಟ್ ಐತೇನಮ್ಮಾ? ಮಾರ್ಕೆಟ್ ಮಾತು ಅಂತ ನಗ್ತಾರೆ."

"ನಗ್ಲಿ ಬುಡಿ. ಇಷ್ಟು ದಿನ ಅವ್ರು ಅದ್ನೂ ಮಾಡ್ಲಿಲ್ಲ."

ಗೊಣಗುತ್ತಲೇ ಎರಡನ್ನೂ ಉಳಿಸಿ ಕಳಿಸಿದೆ. ವಾರದ ಬಳಿಕ ಹೋಟೆಲಿನವರು ಫೋನಿನಲ್ಲೇ ಸಂದರ್ಶನ ಮಾಡಿದರು. ರೂಮಿನಲ್ಲಿ ಬಿಸಿನೀರಿಲ್ಲವೆಂದು ರೇಗುವ ಅತಿಥಿಯಂತೆ ತಮಿಳಿನಲ್ಲಿ ಕೂಗಾಡಿದರು. ಚೌಕಾಸಿ ಕೇಳಿ ಬೆಳೆದ ಹುಡುಗಿ ತಮಿಳಿನಲ್ಲೇ ಸಮಾಧಾನಪಡಿಸಿದಳು. ಕೆಲಸ ಸಿಕ್ಕಿತು.

ಒಂಬತ್ತು ಸಲ ಆ ಭಾಷೆಗಳನ್ನು ಅಳಿಸಿದ್ದು ನಾನು. ಅವಳಲ್ಲಿ ಕ್ಷಮೆ ಕೇಳುವುದು ಇನ್ನೂ ಬಾಕಿಯಿದೆ.