ಮೈಲುತುತ್ತಿಗಾಗಿ ಒಂದು ಖಾಲಿ ಚೆಕ್

ಕೋಡಿಂಬಾಳದ ನನ್ನ ಅಂಗಡಿಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತು ಮುಗಿದಿತ್ತು. ಮಳೆ ಹತ್ತಿರವಾಗಿತ್ತು. ಪುತ್ತೂರಿನ ಸಗಟು ವ್ಯಾಪಾರಿ ನನಗೆ ಕೊಡುತ್ತಿದ್ದ ಒಂದು ಲಕ್ಷದ ಉದ್ರಿ ಮಿತಿ ತುಂಬಿತ್ತು. ಈಗ ಸರಕು ಬಾರದಿದ್ದರೆ ಗಿರಾಕಿಗಳು ಕಡಬಕ್ಕೆ ಹೋಗುತ್ತಿದ್ದರು, ಅಂಗಡಿ ಉಳಿಯುತ್ತಿರಲಿಲ್ಲ.

ಮಿತಿಯನ್ನು ಎರಡು ಲಕ್ಷಕ್ಕೆ ಏರಿಸಬೇಕೆಂದು ಪತ್ರ ಬರೆದೆ. ಮೂರು ವರ್ಷಗಳಲ್ಲಿ ಒಂದು ಬಿಲ್ಲೂ ಗಡುವು ಮೀರಿಲ್ಲವೆಂಬುದಕ್ಕೆ ಖಾತೆಯ ಪ್ರತಿಯನ್ನು ಲಗತ್ತಿಸಿ, ನಾನೇ ಒಯ್ದೆ.

ವ್ಯಾಪಾರಿ ಓದಿ ಮಡಚಿಟ್ಟರು. “ನಿಮ್ಮ ಪೇಮೆಂಟಲ್ಲಿ ತಕರಾರು ಎಂತದೂ ಇಲ್ಲ. ಸೈನ್ ಮಾಡಿದ ಖಾಲಿ ಚೆಕ್ ಒಂದು ಕೊಟ್ಟು ಹೋಗಿ, ಸಾಕು.”

“ಮೊತ್ತ ಬರೆದೇ ಕೊಡ್ತೇನೆ.”

“ಎಂತ ಮಾರಾಯ್ರೆ, ನನ್ನ ಮೇಲೆ ನಂಬಿಕೆ ಇಲ್ವಾ?”

“ನಿಮಗೆ ನನ್ನ ಮೇಲೆ ಉಂಟಾ?”

ಅವರು ನಕ್ಕರು; ಸರಕು ಲೋಡ್ ಮಾಡಲು ಮಾತ್ರ ಆಳುಗಳಿಗೆ ಹೇಳಲಿಲ್ಲ.

ಪ್ರಾಮಾಣಿಕವಾಗಿ ತೀರಿಸಿದವರಿಂದಲೂ ಖಾಲಿ ಚೆಕ್ ಕೇಳುವುದು ಅನ್ಯಾಯ. ಅದನ್ನು ವಾಡಿಕೆಯೆನ್ನುವುದು ಇನ್ನೂ ದೊಡ್ಡ ಅನ್ಯಾಯ. ಸ್ವಸಹಾಯ ಸಂಘದ ಸಭೆಗಳಲ್ಲಿ ಇದನ್ನೇ ಹೇಳಿ, ಯಾರೂ ಸಹಿ ಹಾಕಬಾರದೆಂದು ಹೆಂಗಸರಿಂದ ಮಾತು ಪಡೆದವಳು ನಾನು. ಆ ದಿನ ನನಗೆ ಬೇರೆ ದಾರಿ ಇರಲಿಲ್ಲ. ಸಹಿ ಹಾಕಿದೆ.

ಪತ್ರದ ನನ್ನ ಪ್ರತಿಯ ಮೇಲೆ “ಭದ್ರತೆಗಾಗಿ ಖಾಲಿ ಚೆಕ್ ಪಡೆದಿದೆ” ಎಂದು ಚೆಕ್ಕಿನ ಸಂಖ್ಯೆಯೊಂದಿಗೆ ಬರೆದು ಮೊಹರು ಹಾಕಿ ಎಂದೆ.

“ಇದನ್ನು ಯಾರೂ ಕೇಳುದಿಲ್ಲ, ಅಕ್ಕ.”

“ನಾನು ಕೇಳ್ತಿದ್ದೇನೆ.”

ಅವರು ಬರೆದು ಮೊಹರೊತ್ತಿದರು. ಹೊರಗೆ ಪಿಕಪ್‌ಗೆ ಚೀಲಗಳು ಏರತೊಡಗಿದವು. ಮೊಹರಿನ ಪ್ರತಿಯನ್ನು ಮಡಚಿ ಪರ್ಸಿನಲ್ಲಿಟ್ಟು, ನಾನು ಚೀಲಗಳನ್ನು ಎಣಿಸತೊಡಗಿದೆ.