ಬರುವುದಿಲ್ಲ ಎಂದು ಹೇಳಲು ನಿಪ್ಪಾಣಿಗೆ

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ, ನನ್ನಂಥ ಕೆಮಿಸ್ಟ್ ರಾಯಬಾಗ, ಚಿಕ್ಕೋಡಿ, ಅಥಣಿ ಹುಡುಕಿದರೂ ಇನ್ನೊಬ್ಬ ಸಿಗಲಾರನೆಂದು ನಾನು ನಂಬಿಬಿಟ್ಟಿದ್ದೆ. ನಂಬಲು ಕಾರಣಗಳೂ ಇದ್ದವು. ರಾಯಬಾಗ ತಾಲೂಕಿನ ಸಹಕಾರಿ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ನನ್ನನ್ನು, ಗಡಿಯಾಚೆ ಮಹಾರಾಷ್ಟ್ರದಲ್ಲಿ ಹೊಸದಾಗಿ ಏಳುತ್ತಿದ್ದ ಒಂದು ಖಾಸಗಿ ಕಾರ್ಖಾನೆಯವರು ಕರೆದಿದ್ದರು.

ಕರೆಸಿದವರು ನಿಪ್ಪಾಣಿಯ ಒಬ್ಬ ಹಿರಿಯರು. ಗಿರಣಿಯೊಂದರಲ್ಲಿ ಲೇಬರ್ ಆಫೀಸರ್ ಆಗಿ ನಿವೃತ್ತರಾಗಿ, ತಂಬಾಕಿನ ಗೋದಾಮಿನ ಮೇಲಿನ ಕೋಣೆಯಲ್ಲಿ ಒಂದು ಮೇಜು, ಒಂದು ಫೋನು ಇಟ್ಟುಕೊಂಡು ಕಾರ್ಖಾನೆಗಳಿಗೆ ಜನ ಹುಡುಕಿಕೊಡುತ್ತಿದ್ದರು. ನಮ್ಮಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಹುಡುಕಿಕೊಟ್ಟ ಮನುಷ್ಯ ಹೋಗಿ ಕೆಲಸಕ್ಕೆ ಸೇರಿದ ಮೇಲೆ ಕಂಪನಿಯವರು ಅವರಿಗೆ ಕೊಡುತ್ತಿದ್ದರು. ಸೇರದಿದ್ದರೆ ಅವರ ಓಡಾಟವೆಲ್ಲ ವ್ಯರ್ಥ.

ಕೊಲ್ಹಾಪುರದಲ್ಲಿ ಸಂದರ್ಶನ ಮುಗಿದಿತ್ತು. ಕಂಪನಿಗೆ ನಾನು ಒಪ್ಪಿಗೆಯಾಗಿದ್ದೆ. ಪಗಾರದ ಮಾತು ನಡೆಯುತ್ತಿತ್ತು. ನಾನು ಕ್ವಾರ್ಟರ್ಸ್ ಕೇಳಿದೆ, ಸಾಮಾನು ಸಾಗಿಸುವ ಖರ್ಚು ಕೇಳಿದೆ, ಮಕ್ಕಳ ಶಾಲೆಗೆ ಗಾಡಿ ಕೇಳಿದೆ. ಹಿರಿಯರು ಬೇಸರಿಸದೆ ಒಂದೊಂದನ್ನೂ ಅವರ ಮುಂದಿಟ್ಟು, ಒಂದೊಂದಕ್ಕೂ ಉತ್ತರ ತರುತ್ತಿದ್ದರು. ಕೊನೆಗೆ ಸೋಮವಾರದೊಳಗೆ ಹೌದೋ ಅಲ್ಲವೋ ಹೇಳಿಬಿಡಿ, ಆರ್ಡರ್ ಕಳಿಸುತ್ತಾರೆ ಎಂದರು.

ಅಷ್ಟರಲ್ಲಿ ಸುದ್ದಿ ನಮ್ಮ ಎಂ.ಡಿ. ಸಾಹೇಬರ ಕಿವಿಗೆ ಬಿತ್ತು. ಬೀಳಲಿ ಎಂದೇ ನಾನು ಕ್ಯಾಂಟೀನಿನಲ್ಲಿ ತುಸು ಗಟ್ಟಿಯಾಗಿ ಮಾತಾಡಿದ್ದೆ. ಅವರು ಕೋಣೆಗೆ ಕರೆಸಿ ಕೂಡಿಸಿ ಚಹಾ ತರಿಸಿದರು. ನೌಕರಿಗೆ ಸೇರಿದಂದಿನಿಂದ ಆ ಕೋಣೆಯಲ್ಲಿ ನಾನು ಕೂತದ್ದು ಅದೇ ಮೊದಲು. ಡೆಪ್ಯುಟಿ ಚೀಫ್ ಕೆಮಿಸ್ಟ್ ಹುದ್ದೆ, ಅದಕ್ಕೆ ತಕ್ಕ ಗ್ರೇಡು, ಹಿಂದೆ ಹಿತ್ತಲಿರುವ ದೊಡ್ಡ ಕ್ವಾರ್ಟರ್ಸ್ ಎಂದರು. ವಿಚಾರ ಮಾಡಿ ಹೇಳುತ್ತೇನೆ ಎಂದು ಗಂಭೀರವಾಗಿ ಹೇಳಬೇಕೆಂದಿದ್ದೆ. ಚಹಾ ಆರುವ ಮೊದಲೇ ಆಗಲಿ ಅಂದಿದ್ದೆ.

ಮನೆಯಲ್ಲಿ ಹೆಂಡತಿ ಕೇಳಿದ್ದು ಒಂದೇ ಮಾತು. “ನಿಪ್ಪಾಣಿಯವರಿಗೆ ಹೇಳಿದ್ರೇನು?”

ಹೇಳಿರಲಿಲ್ಲ. ಹೇಳುವುದು ಬಲು ದೊಡ್ಡ ಕೆಲಸವೆಂದೂ ನನ್ನನ್ನು ಕಳೆದುಕೊಳ್ಳುವ ದುಃಖವನ್ನು ಆ ವಯಸ್ಸಾದವರಿಗೆ ಏಕಾಏಕಿ ಕೊಡಬಾರದೆಂದೂ ನನಗೆ ಅನಿಸಿತ್ತು. ಅವರು ಕಾರ್ಖಾನೆಯ ಹಾಜರಿ ನೋಡುವ ಟೈಮ್ ಆಫೀಸಿಗೆ ಫೋನ್ ಮಾಡಿದಾಗ ನಾನು ಕಬ್ಬಿನ ಹೊಲಕ್ಕೆ ಹೋಗಿದ್ದೇನೆಂದು ಹೇಳಿಸಿದೆ. ಕಬ್ಬು ನುರಿಸುವ ಸೀಜನ್ ಮುಗಿದು ಹೊಲಗಳೆಲ್ಲ ಬೋಳಾಗಿದ್ದವು. ಮತ್ತೆ ಫೋನ್ ಬಂದಾಗಲೂ ಹೊಲದಲ್ಲೇ ಇದ್ದೆ.

“ಅವ್ರು ನಿಮ್ಮ ದಾರಿ ಕಾಯಾಕತ್ತಾರ. ನಿಮ್ಮ ಜಾಗಾಕ್ಕ ಇನ್ನೊಬ್ಬರನ್ನ ನೋಡಬೇಕಲ್ಲ ಅವ್ರು?” ಎಂದಳು ಹೆಂಡತಿ. ನನ್ನ ಜಾಗಕ್ಕೆ ಇನ್ನೊಬ್ಬರು ಎಂಬ ಮಾತು ನನಗೆ ಸ್ವಲ್ಪ ನಾಟಿತು. ಮರುದಿನ ಚಿಕ್ಕೋಡಿಗೆ ಹೋಗಿ ನಿಪ್ಪಾಣಿಯ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಒಂದು ಭಾಷಣ ಕಟ್ಟಿದೆ. ಅನಿವಾರ್ಯ ಕೌಟುಂಬಿಕ ಕಾರಣಗಳು, ವೃದ್ಧ ತಾಯಿಯ ಆರೋಗ್ಯ, ಅಪಾರ ವಿಷಾದ. ತಾಯಿ ಅಂದು ಬೆಳಿಗ್ಗೆಯಷ್ಟೇ ಎರಡು ಕೊಡ ನೀರು ಹೊತ್ತು ತಂದಿದ್ದಳು.

ಗೋದಾಮಿನ ಮೆಟ್ಟಿಲು ಹತ್ತುವಾಗಲೇ ತಂಬಾಕಿನ ಘಾಟು ಮೂಗಿಗೆ ಏರಿತು. ಕುರ್ಚಿಯಲ್ಲಿ ಕೂತು ಮೊದಲ ವಾಕ್ಯ ಶುರು ಮಾಡಿದೆ, ಸೀನು ಬಂತು. ವಿಷಾದದ ಹತ್ತಿರ ಬಂದಾಗ ಮೂರು ಬಂದವು. ಹಿರಿಯರು ನೀರಿನ ಲೋಟ ಮುಂದೆ ಸರಿಸಿದರು.

“ಸೀನಿ ಮುಗಸ್ರಿ. ಆಮ್ಯಾಲೆ ಕನ್ನಡದಾಗ ಹೇಳ್ರಿ.”

ತಾಯಿಗೆ ಆರಾಮಿಲ್ಲ ಅಂದೆ. ಅವರು ಸಿಟ್ಟಿಲ್ಲದೆ ಕೇಳಿದರು. “ನಿಮ್ಮ ಎಂ.ಡಿ. ಏನ್ ಕೊಡ್ತೀನಂದ್ರು?”

ಇನ್ನು ಮುಚ್ಚಿಡುವಂತಿರಲಿಲ್ಲ. ಹುದ್ದೆ, ಗ್ರೇಡು, ಹಿತ್ತಲು ಎಲ್ಲ ಹೇಳಿದೆ. ಹೊಸ ಕಂಪನಿಯ ಮಾತನ್ನು ಇಲ್ಲಿಗೇ ನಿಲ್ಲಿಸುತ್ತೇನೆ, ಹಳೆಯದರಲ್ಲೇ ಇರುತ್ತೇನೆ ಎಂದೆ. ಅವರು ತಲೆ ಆಡಿಸಿದರು. ನೀವು ಮೊದಲ ಸಲ ಬಂದಾಗ ನೌಕರಿ ಏಕೆ ಬಿಡುತ್ತೀರಿ ಎಂದು ಕೇಳಿದ್ದೆ, ಚೀಫ್ ಕೆಮಿಸ್ಟ್ ನಿಮ್ಮ ಮಾತು ಕಿವಿಗೇ ಹಾಕಿಕೊಳ್ಳುವುದಿಲ್ಲ ಅಂದಿದ್ದಿರಿ, ಪಗಾರದ ಸುದ್ದಿ ಆಗ ತೆಗೆದಿರಲಿಲ್ಲ ಎಂದು ನೆನಪಿಸಿದರು. ಚೀಫ್ ಅಲ್ಲೇ ಇರುತ್ತಾರಲ್ಲವೇ ಎಂದರು. ಇರುತ್ತಾರೆ ಅಂದೆ.

“ಒಂದ ಸಲ ಕೇಳ್ತೀನಿ, ಎರಡನೇ ಸಲ ಕೇಳಂಗಿಲ್ಲ. ಹೊಸ ಕಂಪನಿಯವ್ರು ಪಗಾರ ಇನ್ನೂ ಸ್ವಲ್ಪ ಏರಿಸಿದ್ರ ಬರ್ತೀರೇನು? ಬರೂದಿಲ್ಲಂದ್ರ ನಾ ಅವರ್ನ ಕೇಳಾಕ ಹೋಗಂಗಿಲ್ಲ.”

ಇದೇ ಗಳಿಗೆಗಾಗಿ ನಾನು ಅಷ್ಟು ದೂರ ಬಂದಿದ್ದೆನೇನೋ. ಕಿಟಕಿಯ ಹೊರಗೆ ನೋಡಿದೆ, ಗದ್ದ ಸವರಿದೆ, ಎರಡು ಕಾರ್ಖಾನೆಗಳು ನನಗಾಗಿ ಜಗ್ಗಾಡುತ್ತಿರುವುದನ್ನು ಸವಿದೆ. ಆಮೇಲೆ ನಿಧಾನವಾಗಿ ಇಲ್ಲ ಅಂದೆ. ಇನ್ನು ಅವರು ಒತ್ತಾಯ ಮಾಡುತ್ತಾರೆ, ಅದಕ್ಕೂ ನಾನು ಮಣಿಯಬಾರದು ಎಂದು ಬೆನ್ನು ನೆಟ್ಟಗೆ ಮಾಡಿಕೊಂಡೆ.

ಅವರು ಫೋನ್ ಎತ್ತಿದರು. ಆ ಕಡೆಯವರಿಗೆ ಮರಾಠಿಯಲ್ಲಿ ಎರಡೇ ಮಾತು ಹೇಳಿದರು: ರಾಯಬಾಗದ ಕೆಮಿಸ್ಟ್ ಬರುವುದಿಲ್ಲವಂತೆ, ಈಗಿನವರೇ ಬಡ್ತಿ ಕೊಟ್ಟು ಇಟ್ಟುಕೊಂಡಿದ್ದಾರೆ. ನಾನು ಕಿವಿ ನೆಟ್ಟು ಕೂತೆ. ಆ ಕಡೆಯಿಂದ ನಿಟ್ಟುಸಿರು ಬರಲಿಲ್ಲ, ಕಾರಣ ಕೇಳಲಿಲ್ಲ. ಕಾಗವಾಡದವರನ್ನು ಕರೆಯಿರಿ ಎಂಬ ದನಿ ಮೇಜಿನ ಈಚೆಗೂ ಕೇಳಿಸಿತು. ಸಂಜೆಯೊಳಗೆ ತಿಳಿಸುತ್ತೇನೆಂದು ಇವರು ಫೋನ್ ಇಟ್ಟರು. ನಾನಿಲ್ಲದ ಆ ಕಾರ್ಖಾನೆಯ ಶೋಕ ಅರ್ಧ ನಿಮಿಷವೂ ನಡೆಯಲಿಲ್ಲ.

“ಕಾಗವಾಡದವರು ಯಾರ್ರೀ?” ಅಂದೆ.

“ಲಿಸ್ಟಿನಾಗ ನಿಮ್ಮ ನಂತರದ ನಂಬರ್. ನೀವು ಫೋನಿನ ಮ್ಯಾಲೆ ಹೇಳಿದ್ರ ಅವತ್ತ ಕರೀತಿದ್ದೆ. ಪಾಪ, ಕಾಯಾಕತ್ತಿದ್ದ.”

ನಾನು ಏಳಲು ಹೊರಟಾಗ ಅವರೇ ತಡೆದರು. ಎಂ.ಡಿ. ಹೇಳಿದ್ದು ಕಾಗದದ ಮೇಲೆ ಬಂದಿದೆಯೇ ಎಂದು ಕೇಳಿದರು. ಬಂದಿರಲಿಲ್ಲ.

“ಸಹಕಾರಿ ಕಾರಖಾನಿ ಅದು. ಬೋರ್ಡಿನ ಠರಾವು ಆಗೂತನಕ ಎಂ.ಡಿ. ಮಾತು ಬರೀ ಚಹಾ. ನಾಳೆನ ಹೋಗಿ ಕೇಳ್ರಿ, ನಾಚಬ್ಯಾಡ್ರಿ.”

ನನ್ನಿಂದ ಬರಬೇಕಾದದ್ದನ್ನು ಆಗಷ್ಟೇ ಕಳೆದುಕೊಂಡ ಮನುಷ್ಯ ನನಗೆ ಬುದ್ಧಿ ಹೇಳುತ್ತಿದ್ದರು. ನಾನು ಮತ್ತೆ ಸೀನಿದೆ.

ಮರುದಿನ ಎಂ.ಡಿ. ಮುಂದೆ ನಿಂತು ಆರ್ಡರ್ ಕೇಳಿದೆ. ಈ ಸಲ ಕುರ್ಚಿಯೂ ಇಲ್ಲ, ಚಹಾವೂ ಇಲ್ಲ. ನಂಬಿಕೆ ಇಲ್ಲವೇ ಎಂದು ನಕ್ಕರು, ನಿಪ್ಪಾಣಿಯವರು ತಂದ ಕೆಲಸ ಹೇಗೂ ಮುರಿಯಿತಲ್ಲ ಎಂದೂ ಕೇಳಿದರು. ನಾನು ನಿಂತೇ ಇದ್ದೆ. ಕೊನೆಗೆ ವಿಷಯವನ್ನು ಮುಂದಿನ ಬೋರ್ಡ್ ಮೀಟಿಂಗಿನಲ್ಲಿ ಇಡಿಸಿದರು. ಠರಾವು ಪಾಸಾಯಿತು. ನಾನು ಡೆಪ್ಯುಟಿಯಾದೆ. ಹಿತ್ತಲಿನ ಕ್ವಾರ್ಟರ್ಸ್ ಮಾತ್ರ ಕೇನ್ ಆಫೀಸರರಿಗೆ ಹೋಯಿತು. ಚೀಫ್ ನನ್ನನ್ನು ಡೆಪ್ಯುಟಿ ಸಾಹೇಬರು ಎಂದು ಕರೆಯತೊಡಗಿದರು. ರಸದ ಶುದ್ಧತೆ ಇಳಿಯುತ್ತಿದೆ, ಮಿಲ್ಲಿನ ಗಟಾರು ತೊಳೆಸಿ ಎಂದು ನಾನು ಹೇಳಿದರೆ, “ನೋಡೂಣ್ರಿ ಡೆಪ್ಯುಟಿ ಸಾಹೇಬ್ರ” ಎನ್ನುತ್ತಿದ್ದರು. ಮೊದಲು ಬರೀ ನೋಡೋಣ ಎನ್ನುತ್ತಿದ್ದರು, ಅಷ್ಟೇ ಬದಲು.

ಎರಡು ಸೀಜನ್ ಕಳೆದ ಮೇಲೆ ಟೈಮ್ ಆಫೀಸಿನಿಂದ ಕರೆ ಬಂತು: ನಿಪ್ಪಾಣಿಯಿಂದ ಫೋನ್. ನಾನು ಕನ್ನಡಿ ನೋಡಿ ತಲೆ ಬಾಚಿಕೊಂಡು ಹೋದೆ. ಈ ಸಲ ಏನೇನು ಕೇಳಬೇಕೆಂದು ಅಂಗಳ ದಾಟುವಷ್ಟರಲ್ಲಿ ಲೆಕ್ಕ ಹಾಕಿದ್ದೆ. ಹಿತ್ತಲನ್ನಂತೂ ಬಿಡುವ ಮಾತಿರಲಿಲ್ಲ.

ಹಿರಿಯರು ತಾಯಿಯ ಆರೋಗ್ಯ ವಿಚಾರಿಸಿದರು. ಆರಾಮ ಇದ್ದಾಳೆ ಅಂದೆ. ಆಮೇಲೆ ನನ್ನ ಕೈಕೆಳಗಿನ ತೆಲಸಂಗದ ಕೆಮಿಸ್ಟ್ ಹೇಗೆ ಎಂದು ಕೇಳಿದರು. ಕೆಲಸ ಚಲೋ ಮಾಡ್ತಾನ್ರೀ ಅಂದೆ. ಅದು ನಿಜವೂ ಆಗಿತ್ತು.

“ಫೋನ್ ಮಾಡಿದ್ರ ಹೊಲಕ್ಕ ಹೋಗೂ ಪೈಕಿ ಅಲ್ಲಲ್ಲ?” ಎಂದರು.

ಅಲ್ಲ ಎಂದು ಹೇಳಿ, ಆತನನ್ನು ಕರೆದು ರಿಸೀವರ್ ಕೈಗೆ ಕೊಟ್ಟು, ಲ್ಯಾಬಿಗೆ ಹೋದೆ.