ಮೂರಡಿ ಗೋಡೆಯ ಸಾಕ್ಷಿ

ಊರಿನ ಹಳೆಯ ಗೋಡೆಗಳಿಗೂ ಅವನಿಗೂ ನಲವತ್ತಕ್ಕೂ ಹೆಚ್ಚು ವರ್ಷದ ಮಾತುಕತೆ. ಗೇಣುದ್ದದ ಸುತ್ತಿಗೆಯಿಂದ ಟಕ್ ಟಕ್ ಎಂದು ಬಡಿಯುತ್ತ, ಎಡಗಿವಿಯನ್ನು ಗೋಡೆಯ ಹತ್ತಿರ ಹಿಡಿದು ನಡೆದನೆಂದರೆ, ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಬಿಡುತ್ತಿದ್ದ. ಹಾಗಾಗಿ ಅವನು ಎಲ್ಲರ ಬಾಯಲ್ಲಿ ಕಿವಿ ಮೇಸ್ತ್ರಿಯಾದ. ಈ ಹೆಸರನ್ನು ಒಪ್ಪದವಳು ಅವನ ಹೆಂಡತಿಯೊಬ್ಬಳೇ. ಗೋಡೆ ಪಿಸುಗುಟ್ಟಿದ್ದೂ ಕೇಳಿಸುವ ಕಿವಿಗೆ ತಾನು ಅಡಿಗೆಮನೆಯಿಂದ ಮೂರು ಸಲ ಕೂಗಿದ್ದು ಕೇಳಿಸುವುದಿಲ್ಲ ಎಂಬುದು ಅವಳ ದೂರು.

ಅವನ ಕೈಗೆ ಕರಣೆ ಕೊಟ್ಟವನು ಅಕ್ಕನ ಗಂಡ. ಹದಿನಾರರ ಹುಡುಗ ಓದು ಹತ್ತದೆ ಬೀದಿ ಸುತ್ತುತ್ತಿದ್ದಾಗ ಭಾವ ಅವನನ್ನು ಕರೆದುಕೊಂಡು ಹೋಗಿ ಸುಣ್ಣ ಅರಳಿಸುವುದು, ತೂಗುಗುಂಡು ಹಿಡಿಯುವುದು, ಕಲ್ಲಿನ ಮುಖ ನೋಡುವುದು ಎಲ್ಲವನ್ನೂ ಕಲಿಸಿದ. ಗೋಡೆ ಬಡಿದು ಕೇಳುವುದನ್ನು ಕಲಿಸಿದವನೂ ಅವನೇ. ಆದರೆ ಭಾವನಿಗೆ ಬಾಯಿ ಕಡಿಮೆ. ಶಿಷ್ಯನಿಗೆ ಬಾಯಿಯೂ ಇತ್ತು, ಹೆಸರೂ ಬಂತು. ಮೂವತ್ತೈದು ದಾಟುವಷ್ಟರಲ್ಲಿ ನಗರದ ನೀರು ಸರಬರಾಜು ಕಚೇರಿಯವರು ಹಳೆಯ ಕಟ್ಟಡಗಳ ವಿಚಾರಕ್ಕೆ ಭಾವನನ್ನು ಬಿಟ್ಟು ಇವನನ್ನೇ ಕೇಳತೊಡಗಿದ್ದರು.

ಇಪ್ಪತ್ತಮೂರು ವರ್ಷದ ಹಿಂದೆ ಆ ಕಚೇರಿಯ ಹಳೆಯ ಪಂಪ್‌ಹೌಸಿನ ಪೂರ್ವದ ಗೋಡೆ ರಿಪೇರಿಗೆ ಬಂತು. ಅದು ಮೂರಡಿ ದಪ್ಪದ ಗೋಡೆ. ಒಳಗೊಂದು ಹೊರಗೊಂದು ಕಲ್ಲಿನ ಸಾಲು, ನಡುವೆ ಚೂರುಗಲ್ಲು ಮತ್ತು ಸುಣ್ಣ. ಕಾಲ ಕಳೆದಂತೆ ನಡುವಿನ ಸುಣ್ಣ ನೀರಿಗೆ ಕೊಚ್ಚಿಹೋಗಿ ಅಲ್ಲಲ್ಲಿ ಖಾಲಿಯಾಗಿತ್ತು. ಅದನ್ನು ತುಂಬುವ ಕೆಲಸ ಭಾವನಿಗೆ ಸಿಕ್ಕಿತು. ಒಳಮೈಯಲ್ಲಿ ತೂತು ಕೊರೆದು, ಕೆಳಗಿನಿಂದ ಮೇಲಕ್ಕೆ ಬರುತ್ತ, ತೆಳು ಸುಣ್ಣದ ಗಾರೆಯನ್ನು ನಲವತ್ತು ದಿನ ನಿಧಾನವಾಗಿ ಕುಡಿಸಿದ. ಹೊರಮೈಯ ಪ್ಲಾಸ್ಟರ್ ಕಿವಿ ಮೇಸ್ತ್ರಿಯ ಪಾಲಿಗೆ ಬಂತು. ಗೋಡೆ ಇನ್ನೂ ಹಸಿ, ಒಂದು ತಿಂಗಳು ಬಿಡು ಎಂದು ಭಾವ ಹೇಳಿದ. ಕಚೇರಿಯವರಿಗೆ ಅವಸರವಿತ್ತು, ಇವನಿಗೆ ಕಚೇರಿಯವರ ಮುಂದೆ ಒಳ್ಳೆಯವನಾಗುವ ಅವಸರವಿತ್ತು. ಎಂಟೇ ದಿನದಲ್ಲಿ ಗಟ್ಟಿ ಸಿಮೆಂಟಿನ ಪ್ಲಾಸ್ಟರ್ ಮಾಡಿ ಮುಗಿಸಿದ.

ವರ್ಷ ತುಂಬಿದ ಮೇಲೆ ಕೆಲಸ ಪರೀಕ್ಷಿಸಿ ಹೇಳಲು ಕಚೇರಿಯವರು ಇವನನ್ನೇ ಕರೆದರು. ಹೊರಗಿನಿಂದ ಬಡಿದ. ಪೊಳ್ಳು. ನಾಲ್ಕು ಹೆಜ್ಜೆ ಮುಂದೆ ಹೋಗಿ ಬಡಿದ. ಅಲ್ಲೂ ಪೊಳ್ಳು. ಗೋಡೆಯ ಅರ್ಧಕ್ಕರ್ಧ ಡಬ್ಬದ ಸದ್ದು. ನಡುವೆ ಗಾರೆ ಹೋಗಿಯೇ ಇಲ್ಲ, ತೂತಿನ ಬಾಯಿಗಷ್ಟೇ ತುಂಬಿ ಮುಚ್ಚಿದ್ದಾರೆ ಎಂದು ಹೇಳಿದ, ಬರೆದು ಸಹಿಯನ್ನೂ ಹಾಕಿದ. ಅಕ್ಕನ ಗಂಡನೆಂದು ಮುಚ್ಚಿಡಲಿಲ್ಲವಲ್ಲ ಎಂದು ಕಚೇರಿಯವರು ಬೆನ್ನು ತಟ್ಟಿದರು. ಆ ಹೊಗಳಿಕೆಯಿಂದ ಒಂದು ವಾರ ಅವನ ನಡಿಗೆಯೇ ಬದಲಾಗಿತ್ತು ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಕಥೆ ಅರ್ಧ ಹೇಳಿದಂತಾಗುತ್ತದೆ. ಭಾವ ಕಚೇರಿಯಲ್ಲಿ, ನಾನು ತುಂಬಿದ್ದೇನೆ ಎಂದಷ್ಟೇ ಹೇಳಿದ. ಅವನಿಗೆ ಮತ್ತೆ ಅಲ್ಲಿ ಕೆಲಸ ಸಿಗಲಿಲ್ಲ. ಗುರುವಾಗಿದ್ದವನು ಬೇರೆಯವರ ಕೈಕೆಳಗೆ ದಿನಗೂಲಿಗೆ ಗಾರೆ ಕಲಸಿದ. ಅಕ್ಕ ತಮ್ಮನ ಮನೆಯ ಹೊಸ್ತಿಲು ತುಳಿಯುವುದನ್ನು ಬಿಟ್ಟಳು. ನಾಲ್ಕು ವರ್ಷದ ಹಿಂದೆ ಭಾವ ತೀರಿಕೊಂಡಾಗ ಇವನು ಗೇಟಿನವರೆಗೆ ಹೋಗಿ, ಒಳಗೆ ಹೋಗಲು ಮುಖವಿಲ್ಲದೆ ವಾಪಸು ಬಂದಿದ್ದ. ಆದರೂ ತಾನು ಹೇಳಿದ್ದು ನಿಜ ಎಂಬ ಒಂದು ಸಮಾಧಾನ ಇತ್ತು. ಅದನ್ನೇ ಊರುಗೋಲು ಮಾಡಿಕೊಂಡು ಇಷ್ಟು ವರ್ಷ ನಡೆದಿದ್ದ.

ಈಗ ಪಂಪ್‌ಹೌಸ್ ಉಳಿಸಬೇಕೇ ಕೆಡವಬೇಕೇ ಎಂಬ ಪ್ರಶ್ನೆ ಎದ್ದು, ಗೋಡೆಗೆ ಒಂದು ತೂತೂ ಕೊರೆಯದೆ ಪರೀಕ್ಷಿಸಲು ಒಬ್ಬ ಇಂಜಿನಿಯರಮ್ಮ ಬಂದಳು. ಹಳೆಯ ಕಡತದಲ್ಲಿ ಮೇಸ್ತ್ರಿಯ ಸಹಿ ನೋಡಿ, ಗೋಡೆಯ ಗುರುತು ಪರಿಚಯ ಇರುವವರು ಜೊತೆಗಿದ್ದರೆ ಒಳ್ಳೆಯದೆಂದು ಕರೆಸಿದ್ದಳು. ಅರವತ್ತನಾಲ್ಕರ ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ.

ಮೊದಲ ದಿನ ರೇಡಾರ್. ಚಕ್ರವಿರುವ ಒಂದು ಪೆಟ್ಟಿಗೆ. ಒಳಮೈಯ ಮೇಲೆ ಅಡಿಗೊಂದರಂತೆ ಗೆರೆ ಎಳೆದು, ಆ ಗೆರೆಗಳ ಮೇಲೆ ಅದನ್ನು ಉರುಳಿಸಬೇಕು. ಪೆಟ್ಟಿಗೆಯಿಂದ ಅಲೆಗಳು ಗೋಡೆಯೊಳಗೆ ಹೋಗುತ್ತವೆ, ಒಳಗಿನ ಪದಾರ್ಥ ಬದಲಾದಲ್ಲೆಲ್ಲ ಸ್ವಲ್ಪ ಸ್ವಲ್ಪ ತಿರುಗಿ ಬರುತ್ತವೆ, ನಡುವೆ ದೊಡ್ಡ ಖಾಲಿ ಜಾಗವಿದ್ದರೆ ಅಲ್ಲಿಂದ ಜೋರಾಗಿ ಮರಳುತ್ತವೆ ಎಂದು ಅವಳು ತಿಳಿಸಿ ಹೇಳಿದಳು. ಪರದೆಯ ಮೇಲೆ ಬೂದು ಪಟ್ಟೆಗಳು ಓಡಿದವು. ಗೋಡೆಯ ಮೇಲಿನ ಭಾಗದಲ್ಲಿ ಜೋರಾದ ಪಟ್ಟೆ ಯಾವುದೂ ನಡುವೆ ಬರಲಿಲ್ಲ. ಮೂರಡಿ ಆಚೆಯ ಹೊರಮೈಯೇ ಒಂದು ನೇರ ಗೆರೆಯಾಗಿ ಕಂಡಿತು.

ಅಂದರೆ ಅಲ್ಲಿ ಪೊಳ್ಳಿಲ್ಲ. ಕೆಳಗಿನ ಮೂರಡಿಯಲ್ಲಿ ಮಾತ್ರ ಆ ಗೆರೆ ಮಸುಕಾಗಿ ಅಳಿಸಿಹೋಯಿತು. ನೆಲದ ತೇವ ಮೇಲೇರಿದ ಜಾಗದಲ್ಲಿ ರೇಡಾರ್ ಒಳಗೆ ಹೋಗಲಾರದು, ಏನೂ ಕಾಣಲಿಲ್ಲವೆಂದರೆ ಏನೂ ಇಲ್ಲವೆಂದು ಅರ್ಥವಲ್ಲ, ಇನ್ನೊಂದು ರೀತಿ ನೋಡೋಣ ಎಂದಳು. ಅವನು ಆ ಕೆಳಗಿನ ಮೂರಡಿಯನ್ನೇ ನೆಚ್ಚಿಕೊಂಡು ಮನೆಗೆ ಹೋದ. ಪೊಳ್ಳು ಅಲ್ಲಿರುತ್ತದೆ ಎಂದುಕೊಂಡ. ಇರಲಿ ಎಂದು ಆಸೆಪಟ್ಟ.

ಎರಡನೆಯ ದಿನ ಕಿವಿಗೆ ಕೇಳದ ಶಬ್ದದ ಪರೀಕ್ಷೆ. ಒಳಗಡೆಯ ಕಲ್ಲಿಗೆ ಗ್ರೀಸ್ ಸವರಿ ಶಬ್ದ ಕಳಿಸುವ ಬಿಲ್ಲೆ ಒತ್ತಿ ಹಿಡಿಯುವುದು, ಹೊರಗಡೆ ಅದೇ ಎತ್ತರದಲ್ಲಿ ಶಬ್ದ ಕೇಳುವ ಬಿಲ್ಲೆ ಒತ್ತಿ ಹಿಡಿಯುವುದು. ಶಬ್ದ ಗೋಡೆ ದಾಟಲು ಎಷ್ಟು ಹೊತ್ತು ಹಿಡಿಯಿತೆಂದು ಯಂತ್ರ ಅಳೆಯುತ್ತದೆ. ಗಟ್ಟಿಯಿದ್ದರೆ ಬೇಗ. ನಡುವೆ ಖಾಲಿಯಿದ್ದರೆ ಶಬ್ದ ಸುತ್ತು ಬಳಸಿ ಬರಬೇಕು, ತಡವಾಗುತ್ತದೆ. ಹೊರಗಡೆ ಪ್ಲಾಸ್ಟರಿನ ಮೇಲೆ ಬಿಲ್ಲೆ ಹಿಡಿದರು. ಶಬ್ದ ಬರಲೇ ಇಲ್ಲ. ಆರು ಕಡೆ ಹಿಡಿದರು, ನಾಲ್ಕು ಕಡೆ ಏನೂ ಇಲ್ಲ.

"ನಾನು ಅವತ್ತೇ ಹೇಳಿರ್ಲಿಲ್ವಾ?" ಎಂದ ಮೇಸ್ತ್ರಿ. ಆ ದನಿಯಲ್ಲಿದ್ದ ಗೆಲುವನ್ನು ನೆನೆದು ಆಮೇಲೆ ಅವನು ಎಷ್ಟೋ ದಿನ ನಾಚಿಕೆಪಟ್ಟ.

ಇಂಜಿನಿಯರಮ್ಮ ಬಿಲ್ಲೆಯ ಗ್ರೀಸ್ ಒರೆಸಿದಳು. ಶಬ್ದ ಎಲ್ಲಿ ನಿಂತಿತೆಂದು ತಿಳಿಯದೆ ಏನೂ ಹೇಳಬಾರದು, ಬೆಳಿಗ್ಗೆ ಬಿಸಿಲು ಬೀಳುವ ಹೊತ್ತಿಗೆ ಬನ್ನಿ ಎಂದಷ್ಟೇ ಹೇಳಿದಳು.

ಮೂರನೆಯ ದಿನ ಪೂರ್ವದ ಗೋಡೆಗೆ ಬಿಸಿಲು ಬಿದ್ದು ಒಂದು ಗಂಟೆಯಾದ ಮೇಲೆ ಅವಳು ಶಾಖ ಕಾಣಿಸುವ ಕ್ಯಾಮೆರಾ ಹಿಡಿದಳು. ಕಣ್ಣಿಗೆ ಒಂದೇ ಬಣ್ಣದ ಗೋಡೆ. ಕ್ಯಾಮೆರಾದಲ್ಲಿ ಮಾತ್ರ ಕೆಲವು ಭಾಗ ತಣ್ಣಗೆ ನೀಲಿ, ಉಳಿದದ್ದು ಕಾದ ಹಳದಿ. ಅವಳು ಮೇಸ್ತ್ರಿಯನ್ನು ಹತ್ತಿರ ಕರೆದು ತೋರಿಸಿದಳು. ಪ್ಲಾಸ್ಟರ್ ಕಲ್ಲಿಗೆ ಅಂಟಿಕೊಂಡಿದ್ದರೆ ಬಿಸಿಲಿನ ಶಾಖ ಗೋಡೆಯೊಳಗೆ ಇಳಿದುಹೋಗುತ್ತದೆ. ಬಿಟ್ಟುಕೊಂಡಿದ್ದರೆ ನಡುವಿನ ಗಾಳಿ ಶಾಖವನ್ನು ತಡೆಯುತ್ತದೆ, ಪ್ಲಾಸ್ಟರ್ ಒಂದೇ ಬೇಗ ಕಾಯುತ್ತದೆ. ಗೋಡೆಯ ನಟ್ಟನಡುವೆ ಏನಿದೆ ಎಂಬುದು ಒಂದು ಗಂಟೆಯ ಬಿಸಿಲಿಗೆ ಗೊತ್ತಾಗುವುದಿಲ್ಲ, ಇದು ಮೇಲಿನ ಪದರದ ಸುದ್ದಿ ಅಷ್ಟೇ.

ಮೇಸ್ತ್ರಿ ನೋಡಿದ. ಹಳದಿ ಭಾಗಗಳಿಗೆ ನೇರ ಅಂಚುಗಳಿದ್ದವು. ನಿಂತು ಕೆಲಸ ಮಾಡಿದ ಸಾರುವೆಯ ಒಂದೊಂದು ಹಲಗೆಯ ಎತ್ತರಕ್ಕೆ ಒಂದೊಂದು ಅಂಚು. ಒಂದು ದಿನದ ಕೆಲಸ ಎಲ್ಲಿ ನಿಂತಿತು, ಮರುದಿನ ಎಲ್ಲಿಂದ ಶುರುವಾಯಿತು ಎಂಬುದು ಬರೆದಿಟ್ಟಂತೆ ಕಾಣುತ್ತಿತ್ತು. ಪ್ಲಾಸ್ಟರ್ ಮಾಡುವಾಗ ಮೂರನೆಯ ದಿನ ಕೆಲಸ ಮೂಲೆಯಲ್ಲಿ ಬೇಗ ನಿಲ್ಲಿಸಿದ್ದು ಅವನಿಗೆ ನೆನಪಿತ್ತು. ಆ ಗಿಡ್ಡ ತುಂಡೂ ಅಲ್ಲೇ ಇತ್ತು. ತಾನು ಅಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದ ಪೊಳ್ಳುಗಳೂ ಇವೇ ಜಾಗಗಳು.

"ಈ ಪ್ಲಾಸ್ಟರ್ ಯಾರು ಮಾಡಿದ್ದು ಗೊತ್ತಾ ಮೇಸ್ತ್ರಿಗಳೇ? ಕಡತದಲ್ಲಿ ಇಲ್ಲ," ಎಂದಳು ಇಂಜಿನಿಯರಮ್ಮ.

ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅವನ ಜೊತೆ ಕೆಲಸ ಮಾಡಿದವರಲ್ಲಿ ಈಗ ಅಲ್ಲಿ ಯಾರೂ ಉಳಿದಿರಲಿಲ್ಲ. ಹೇಳಬಾರದೆಂದು ಒಂದು ಕ್ಷಣ ಅನಿಸಿದ್ದೂ ನಿಜ.

"ನಾನೇ," ಎಂದ.

ಕಿಟಕಿಯ ಪಕ್ಕ ಆಗಲೇ ಬಿರುಕು ಬಿಟ್ಟು ಜೋತಾಡುತ್ತಿದ್ದ ಅಂಗೈಯಗಲದ ಒಂದು ಚೂರನ್ನು ಅವಳ ಅನುಮತಿ ಕೇಳಿ ಅವನೇ ತೆಗೆದ. ಮುಟ್ಟುತ್ತಲೇ ಕೈಗೆ ಬಂತು. ಹಿಂದೆ ಉಗುರು ತೂರುವಷ್ಟು ಸಂದು. ಅದರಾಚೆ, ಕಲ್ಲು ಕಲ್ಲಿನ ನಡುವೆ, ಒಳಗಿನಿಂದ ಒಸರಿ ಬಂದು ಗಟ್ಟಿಯಾದ ಬಿಳಿಯ ಸುಣ್ಣ. ಒಳಗಡೆಯಿಂದ ಭಾವ ಕುಡಿಸಿದ ಗಾರೆ ಮೂರಡಿ ದಾಟಿ ಹೊರಗಿನ ಸಂದಿಯವರೆಗೂ ಬಂದು ನಿಂತಿತ್ತು. ಅವಳು ಆ ಬರಿಗಲ್ಲಿಗೆ ಬಿಲ್ಲೆ ಒತ್ತಿ ಹಿಡಿದಳು. ಶಬ್ದ ಬಂತು, ತಡವಿಲ್ಲದೆ ಬಂತು. ಆಮೇಲೆ ಕ್ಯಾಮೆರಾ ನೀಲಿ ತೋರಿಸಿದ ಕಡೆಗಳಲ್ಲೆಲ್ಲ, ಕೆಳಗಿನ ಒದ್ದೆ ಜಾಗದಲ್ಲೂ, ಹಾಗೇ ಬಂತು. ನಿನ್ನೆ ಶಬ್ದವನ್ನು ತಡೆದದ್ದು ಗೋಡೆಯ ಹೊಟ್ಟೆಯಲ್ಲ, ಪ್ಲಾಸ್ಟರಿನ ಹಿಂದಿದ್ದ ಆ ಉಗುರುದಪ್ಪದ ಗಾಳಿ.

ಸುತ್ತಿಗೆಯ ಸದ್ದಿಗೆ ಒಂದೆರಡು ಅಂಗುಲದಾಚೆಯದು ಕೇಳುವುದೇ ಇಲ್ಲ, ಒಳ್ಳೊಳ್ಳೆಯವರೂ ಇದರಲ್ಲಿ ತಪ್ಪಿದ್ದಾರೆ ಎಂದು ಅವಳು ಮೆಲ್ಲಗೆ ಹೇಳಿದಳು. ಸಮಾಧಾನಕ್ಕೆ ಹೇಳಿದ ಮಾತು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಎತ್ತಿ ತೋರಿಸಿದ್ದೆನಲ್ಲ ಎಂದು ಅವನು ತನ್ನನ್ನೇ ಹಳಿದುಕೊಂಡ. ಆ ತಟ್ಟೆಯಲ್ಲಿ ನೊಣವೂ ಇರಲಿಲ್ಲ. ಅವನು ಅವಳನ್ನು ಒಂದೇ ಕೇಳಿದ. ಗೋಡೆ ತುಂಬಿದವರ ಹೆಸರು ವರದಿಯಲ್ಲಿ ಬರೆಯಲು ಆಗುತ್ತದೆಯೇ ಎಂದು. ವರದಿಯಲ್ಲಿ ಗೋಡೆಯ ಸ್ಥಿತಿಯನ್ನಷ್ಟೇ ಬರೆಯುವುದು ಎಂದ ಅವಳು, ಸ್ವಲ್ಪ ಯೋಚಿಸಿ, ಹಿಂದಿನ ಗಾರೆ ಪೂರ್ತಿ ದಪ್ಪಕ್ಕೂ ತಲುಪಿದೆ, ಕೆಲಸ ಉತ್ತಮವಾಗಿದೆ ಎಂಬ ಸಾಲು ಸೇರಿಸಿ, ಆ ಹಾಳೆಯ ಒಂದು ಪ್ರತಿಯನ್ನು ಅವನಿಗೆ ಕೊಟ್ಟಳು.

ಅದನ್ನು ಹಿಡಿದು ಇಪ್ಪತ್ತೆರಡು ವರ್ಷದ ಮೇಲೆ ಅಕ್ಕನ ಬಾಗಿಲಿಗೆ ಹೋದ. ಅವಳು ಬಟ್ಟೆ ಮಡಿಸುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದ. ಹಾಳೆ ಚಾಚಿದ. ಅವಳು ಕೈ ಮುಂದೆ ಮಾಡಲಿಲ್ಲ.

"ಪ್ಲಾಸ್ಟರ್ ಬಿಟ್ಕೊಂಡಿದೆ ಅಂತ ನಿನ್ನ ಭಾವನಿಗೆ ಗೊತ್ತಿತ್ತು ಕಣೋ," ಎಂದಳು. "ನೀನು ಬರೆದುಕೊಟ್ಟ ಮಾರನೇ ದಿನವೇ ಹೋಗಿ ಬಡಿದು ನೋಡಿದ್ರು."

ಮೇಸ್ತ್ರಿ ಚಾಚಿದ ಹಾಳೆಯನ್ನು ಕೆಳಗಿಳಿಸಿದ. ಹಾಗಾದರೆ ಕಚೇರಿಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದ.

"ನಾನೂ ಅದನ್ನೇ ಕೇಳ್ದೆ. ನಾನೇ ಹೋಗಿ ಹೇಳ್ತೀನಿ ಅಂತ ಜಗಳ ಆಡ್ದೆ. ಅವನಿಗೆ ಎರಡು ಸಣ್ಣ ಮಕ್ಕಳು, ಈಗ ತಾನೆ ಹೆಸರು ಬರ್ತಿದೆ, ಬೇಡ ಅಂದ್ರು. ಕಲಿಸಿದವನು ನಾನು, ತಪ್ಪು ಅವನಿಗೇ ಗೊತ್ತಾಗುತ್ತೆ, ಗೊತ್ತಾದ ದಿನ ಅವನೇ ಬರ್ತಾನೆ ಅಂದ್ರು."

ಅವಳು ಮಡಿಸಿದ ಬಟ್ಟೆಯನ್ನು ಬಿಡಿಸಿ ಮತ್ತೆ ಮಡಿಸಿದಳು.

"ಮೊದಮೊದಲು ಬಾಗಿಲು ತಟ್ಟಿದ ಸದ್ದಾದ್ರೆ ನನ್ನ ಏಳೋಕೆ ಬಿಡ್ತಿರ್ಲಿಲ್ಲ. ತಾವೇ ಎದ್ದು ಹೋಗಿ ತೆಗೀತಿದ್ರು."

ಎಷ್ಟು ವರ್ಷ ಹಾಗೆ ಎದ್ದು ಹೋದರು ಎಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ.